ಬಿಲ್ಲಿನಲ್ಲಿ ಅಳಿಯುವ ಕನ್ನಡ ಹೆಸರು: ಅದು ಸೌಲಭ್ಯದ ಕೊರತೆಯಲ್ಲ, ಮಾಹಿತಿಯ ನಾಶ

ಬಿಲ್ಲಿನಲ್ಲಿ ಉಳಿದೆಲ್ಲವೂ ಸರಿಯಾಗಿದೆ. ಕ್ರಮಸಂಖ್ಯೆ, ದಿನಾಂಕ, ಸರಕಿನ ಎಚ್‌ಎಸ್‌ಎನ್ ಕೋಡ್, ತೆರಿಗೆಯ ಲೆಕ್ಕ, ಒಟ್ಟು ಮೊತ್ತ ಇವುಗಳಲ್ಲಿ ಒಂದು ಪೈಸೆಯ ವ್ಯತ್ಯಾಸವೂ ಇಲ್ಲ. ಕೊಂಡವರ ಹೆಸರು ಇರಬೇಕಾದ ಸಾಲಿನಲ್ಲಿ ಮಾತ್ರ ?????? ಎಂದಿದೆ. ಅದೇ ಬಿಲ್ಲನ್ನು ಅಂಗಡಿಯ ಕಂಪ್ಯೂಟರಿನ ಪರದೆಯ ಮೇಲೆ ತೆರೆದರೆ ‘ಕೀರ್ತಿ’ ಎಂಬ ಹೆಸರು ಸ್ಪಷ್ಟವಾಗಿ ಕಾಣುತ್ತದೆ. ಪಿಡಿಎಫ್ ಆಗಿ ಹೊರಗೆ ಬಂದಾಗ ಮಾತ್ರ ಅದು ಇಲ್ಲವಾಗುತ್ತದೆ.

ಕನ್ನಡದಲ್ಲಿ ವ್ಯವಹಾರ ನಡೆಸುವ ಅನೇಕ ವರ್ತಕರಿಗೆ, ಸಹಕಾರ ಸಂಘಗಳ ಗುಮಾಸ್ತರಿಗೆ ಇದು ಗೊತ್ತಿರುವ ತೊಂದರೆ. ಬಿಲ್ಲಿಂಗ್ ಸಾಫ್ಟ್‌ವೇರ್ ಮಾರಿದ ಸಂಸ್ಥೆಗೆ ಫೋನ್ ಮಾಡಿದರೆ ಸಾಮಾನ್ಯವಾಗಿ ಎರಡು ಉತ್ತರಗಳಲ್ಲಿ ಒಂದು ಬರುತ್ತದೆ. ಕನ್ನಡ ಫಾಂಟ್ ಹಾಕಿಕೊಳ್ಳಿ ಎನ್ನುವುದು ಮೊದಲನೆಯದು. ಪ್ರಾದೇಶಿಕ ಭಾಷೆಗಳ ಸೌಲಭ್ಯ ಮುಂದಿನ ಆವೃತ್ತಿಯಲ್ಲಿ ಬರಬಹುದು, ನಿಮ್ಮ ಕೋರಿಕೆಯನ್ನು ಬರೆದುಕೊಂಡಿದ್ದೇವೆ ಎನ್ನುವುದು ಎರಡನೆಯದು. ಮೊದಲ ಉತ್ತರ ತಾಂತ್ರಿಕವಾಗಿ ತಪ್ಪು. ಎರಡನೆಯದು ಅದಕ್ಕಿಂತ ದೊಡ್ಡ ತಪ್ಪು, ಏಕೆಂದರೆ ಅದು ದೋಷವನ್ನು ಕೋರಿಕೆಗಳ ಕಡತಕ್ಕೆ ಸೇರಿಸಿಬಿಡುತ್ತದೆ. ಆ ಕಡತದಲ್ಲಿ ಬಿಲ್ಲಿನ ಬಣ್ಣ ಬದಲಿಸಿ, ಲೋಗೋ ದೊಡ್ಡದು ಮಾಡಿ ಎಂಬ ಬೇಡಿಕೆಗಳೂ ಇರುತ್ತವೆ. ಹೆಸರು ಪ್ರಶ್ನಾರ್ಥಕ ಚಿಹ್ನೆಯಾಗುವುದು ಅವುಗಳ ಸಾಲಿಗೆ ಸೇರುವ ವಿಷಯವಲ್ಲ. ಗ್ರಾಹಕರು ಕೊಟ್ಟ, ಸಾಫ್ಟ್‌ವೇರ್ ಒಪ್ಪಿಕೊಂಡ, ಉಳಿಸಿಟ್ಟ ಮಾಹಿತಿಯನ್ನು ಅದೇ ಸಾಫ್ಟ್‌ವೇರ್ ಯಾರಿಗೂ ಹೇಳದೆ ಅಳಿಸಿದೆ. ದೋಷವರದಿ ಬರೆಯುವವರು ಈ ಅಂಶವನ್ನು ಸಾಬೀತು ಮಾಡಬೇಕು, ಮತ್ತು ಅದು ಸಾಧ್ಯ. ಪಿಡಿಎಫ್ ಕಡತದ ಒಳಗೇ ಅದಕ್ಕೆ ಬೇಕಾದ ಸಾಕ್ಷ್ಯವಿದೆ.

ಹೆಸರಿನ ಸಾಲು ಬಿಲ್ಲಿನಲ್ಲಿ ಅಲಂಕಾರಕ್ಕೆ ಇರುವುದಲ್ಲ. 2017ರ ಕೇಂದ್ರ ಜಿಎಸ್‌ಟಿ ನಿಯಮಗಳ 46ನೆಯ ನಿಯಮ ತೆರಿಗೆ ಬಿಲ್ಲಿನಲ್ಲಿ ಏನೇನು ಇರಬೇಕೆಂದು ಪಟ್ಟಿ ಮಾಡುತ್ತದೆ. ಕೊಳ್ಳುವವರು ಜಿಎಸ್‌ಟಿ ನೋಂದಣಿ ಇಲ್ಲದವರಾಗಿದ್ದರೂ, ಸರಬರಾಜಿನ ಮೌಲ್ಯ 50,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಾದರೆ ಅವರ ಹೆಸರು, ವಿಳಾಸ, ಸರಕು ತಲುಪಿಸುವ ವಿಳಾಸ, ರಾಜ್ಯದ ಹೆಸರು ಮತ್ತು ಸಂಕೇತ ಅದರಲ್ಲಿ ಇರಬೇಕು. ತುಮಕೂರಿನ ಒಂದು ಹಾರ್ಡ್‌ವೇರ್ ಅಂಗಡಿಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಕೀರ್ತಿ ಎಂಬ ರೈತರೊಬ್ಬರು ಅಲ್ಲಿ ಪಂಪ್‌ಸೆಟ್ ಮತ್ತು ಪೈಪುಗಳನ್ನು 62,000 ರೂಪಾಯಿಗೆ ಕೊಂಡಿದ್ದಾರೆ. ಅವರಿಗೆ ಕಳಿಸಿದ ಪಿಡಿಎಫ್‌ನಲ್ಲಿ ಹೆಸರಿಲ್ಲದಿದ್ದರೆ ನಿಯಮ ಕೇಳುವ ಒಂದು ವಿವರವೇ ಇಲ್ಲವಾಯಿತು. ಜಿಎಸ್‌ಟಿ ಕಾಯ್ದೆಯ 36ನೆಯ ಸೆಕ್ಷನ್ ಪ್ರಕಾರ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನಾಂಕದಿಂದ 72 ತಿಂಗಳು ಕಾಪಾಡಬೇಕು. ಅಂಗಡಿ ತನ್ನ ಪ್ರತಿಯನ್ನು ಪಿಡಿಎಫ್ ರೂಪದಲ್ಲಿ ಇಟ್ಟುಕೊಂಡರೆ ಆರು ವರ್ಷ ಕಾಯುವುದು ಹೆಸರಿಲ್ಲದ ಬಿಲ್ಲನ್ನೇ.

ಇನ್ನೊಂದು ತೊಡಕು ಕಡತಗಳು ಹೆಚ್ಚಾದಾಗ ಗೊತ್ತಾಗುತ್ತದೆ. ರಮೇಶ, ಗಣೇಶ, ಮಹೇಶ ಮೂವರೂ ಪಿಡಿಎಫ್‌ನಲ್ಲಿ ???? ಆಗುತ್ತಾರೆ. ಮೂವರ ಬಿಲ್ಲುಗಳನ್ನು ಹೆಸರಿನಿಂದ ಬೇರ್ಪಡಿಸುವ ದಾರಿ ಉಳಿಯುವುದಿಲ್ಲ. ಹೆಸರಿನ ಜಾಗದಲ್ಲಿ ಹೀಗಾದದ್ದು ಮೊತ್ತದ ಜಾಗದಲ್ಲಿ ಆಗಿದ್ದರೆ, 62,000 ಎಂಬುದು ??,??? ಎಂದು ಅಚ್ಚಾಗಿದ್ದರೆ, ಯಾವ ಸಂಸ್ಥೆಯೂ ಅದನ್ನು ಹೊಸ ಸೌಲಭ್ಯದ ಕೋರಿಕೆ ಎಂದು ಬರೆದುಕೊಳ್ಳುತ್ತಿರಲಿಲ್ಲ. ಅದೇ ದಿನ ಸರಿಪಡಿಸಲು ಕೂರುತ್ತಿದ್ದರು. ಎರಡು ಕಡೆಯೂ ನಡೆದಿರುವುದು ಒಂದೇ: ಬಳಕೆದಾರರು ತುಂಬಿದ್ದು ಒಂದು, ಕಡತದಲ್ಲಿ ಹೊರಬಂದದ್ದು ಇನ್ನೊಂದು.

ಹಾಗಾದರೆ ಹೆಸರು ಎಲ್ಲಿ ಅಳಿಯಿತು? ಕನ್ನಡ ಕೆಡುವುದು ಒಂದೇ ರೀತಿಯಲ್ಲಲ್ಲ. ಮುಖ್ಯವಾಗಿ ನಾಲ್ಕು ರೀತಿಗಳಿವೆ, ಮತ್ತು ಪ್ರತಿಯೊಂದರ ಕಾರಣ ಬೇರೆ. ಅಕ್ಷರದ ಜಾಗದಲ್ಲಿ ಖಾಲಿ ಚೌಕ ಬಂದರೆ ಮಾಹಿತಿ ಸರಿಯಾಗಿದೆ, ಬಳಸಿದ ಫಾಂಟಿನಲ್ಲಿ ಕನ್ನಡದ ಆಕಾರಗಳಿಲ್ಲ ಎಂದರ್ಥ. à²• ಎಂಬಂಥ ವಿಚಿತ್ರ ಸಾಲು ಬಂದರೆ ಮಾಹಿತಿಯ ಬೈಟುಗಳು ಹಾಗೇ ಇವೆ, ಅವನ್ನು ಬೇರೆ ಕೋಷ್ಟಕದ ಪ್ರಕಾರ ಓದಲಾಗಿದೆ. ಅಕ್ಷರಗಳು ಬಂದು ಒತ್ತು, ಗುಣಿತ ಮಾತ್ರ ಚದುರಿದ್ದರೆ ಅಕ್ಷರಗಳನ್ನು ಜೋಡಿಸುವ ಹಂತ ಬಿಟ್ಟುಹೋಗಿದೆ. ಈ ಮೂರರಲ್ಲೂ ಹೆಸರನ್ನು ಮರಳಿ ಪಡೆಯಬಹುದು. ಪ್ರಶ್ನಾರ್ಥಕ ಚಿಹ್ನೆ ಬಂದರೆ ಮಾತ್ರ ಆ ಕಡತದಿಂದ ಹೆಸರನ್ನು ಮರಳಿ ಪಡೆಯಲಾಗದು. ಅಲ್ಲಿರುವುದು ಕನ್ನಡ ಅಕ್ಷರದ ಮೇಲೆ ಬಿದ್ದ ಮುಸುಕಲ್ಲ. 3F ಎಂಬ ಸಂಕೇತವಿರುವ, ನಾವು ಕೀಲಿಮಣೆಯಲ್ಲಿ ಒತ್ತುವ ನಿಜವಾದ ಪ್ರಶ್ನಾರ್ಥಕ ಚಿಹ್ನೆಯೇ ಅಲ್ಲಿ ಕೂತಿದೆ.

ಫಾಂಟ್ ಹಾಕಿಕೊಳ್ಳಿ ಎಂಬ ಸಲಹೆ ಏಕೆ ತಪ್ಪೆಂಬುದು ಇಲ್ಲಿ ತಿಳಿಯುತ್ತದೆ. ಫಾಂಟ್ ಎಂದರೆ ಅಕ್ಷರಗಳ ಆಕಾರಗಳ ಸಂಗ್ರಹ. ‘ಕ’ ಎಂಬ ಅಕ್ಷರವನ್ನು ಕೊಟ್ಟರೆ ‘ಕ’ದ ಆಕಾರವನ್ನು ಅದು ತೋರಿಸುತ್ತದೆ. ಪ್ರಶ್ನಾರ್ಥಕ ಚಿಹ್ನೆಯನ್ನು ಕೊಟ್ಟರೆ ಎಷ್ಟೇ ಒಳ್ಳೆಯ ಕನ್ನಡ ಫಾಂಟ್ ಆದರೂ ಪ್ರಶ್ನಾರ್ಥಕ ಚಿಹ್ನೆಯನ್ನೇ ತೋರಿಸುತ್ತದೆ. ಇದನ್ನು ಪರೀಕ್ಷಿಸುವುದು ಸುಲಭ. ಪಿಡಿಎಫ್‌ನಿಂದ ಹೆಸರಿನ ಸಾಲನ್ನು ನಕಲು ಮಾಡಿ ನೋಟ್‌ಪ್ಯಾಡಿನಲ್ಲಿ ಅಂಟಿಸಬೇಕು. ಅಲ್ಲಿ ಕನ್ನಡ ಬಂದರೆ ತೊಂದರೆ ಆಕಾರದ್ದು. ಅಲ್ಲಿಯೂ ಪ್ರಶ್ನಾರ್ಥಕ ಚಿಹ್ನೆಗಳೇ ಬಂದರೆ, ಪಿಡಿಎಫ್‌ಗೆ ಅಕ್ಷರ ಬರೆಯುವ ಹೊತ್ತಿಗೇ ಅಥವಾ ಅದಕ್ಕೂ ಮೊದಲೇ ಹೆಸರು ನಾಶವಾಗಿದೆ.

ಚಿಹ್ನೆಗಳ ಎಣಿಕೆಯೂ ಒಂದು ಸುಳಿವು. ನಮ್ಮ ಕಣ್ಣಿಗೆ ‘ಕೀರ್ತಿ’ ಎರಡು ಅಕ್ಷರಗಳ ಹೆಸರು. ಯೂನಿಕೋಡ್ ಲೆಕ್ಕದಲ್ಲಿ ಅದು ಆರು ಸಂಕೇತಗಳು: ಕ, ಈಕಾರದ ಗುಣಿತ, ರ, ಹಲಂತದ ಚಿಹ್ನೆ, ತ, ಇಕಾರದ ಗುಣಿತ. ಕನ್ನಡಕ್ಕೆ ಯೂನಿಕೋಡ್ ಕೊಟ್ಟಿರುವ ವಲಯ U+0C80 ಇಂದ U+0CFF ವರೆಗೆ. ಈ ವಲಯದ ಪ್ರತಿ ಸಂಕೇತವನ್ನು ಯುಟಿಎಫ್-8 ಪದ್ಧತಿಯಲ್ಲಿ ಉಳಿಸಿದಾಗ ಅದು ಮೂರು ಬೈಟುಗಳಾಗುತ್ತದೆ. ಹೀಗೆ ‘ಕೀರ್ತಿ’ಗೆ ಒಟ್ಟು 18 ಬೈಟುಗಳು. ಬಿಲ್ಲಿನಲ್ಲಿ 18 ಚಿಹ್ನೆಗಳಿದ್ದರೆ ಎಲ್ಲೋ ಒಂದು ಕಡೆ ಪ್ರತಿ ಬೈಟನ್ನೂ ಬೇರೆ ಅಕ್ಷರವೆಂದು ತಿಳಿದು ಬಿಸಾಡಲಾಗಿದೆ. ಆರೇ ಇದ್ದರೆ ಸಾಫ್ಟ್‌ವೇರ್ ಹೆಸರನ್ನು ಕನ್ನಡವೆಂದೇ ಸರಿಯಾಗಿ ಓದಿದೆ, ಆಮೇಲೆ ಕನ್ನಡಕ್ಕೆ ಜಾಗವಿಲ್ಲದ ಕೋಷ್ಟಕವೊಂದಕ್ಕೆ ಅದನ್ನು ತುರುಕಲು ಹೋಗಿ ಪ್ರತಿ ಸಂಕೇತದ ಬದಲು ಒಂದೊಂದು ? ಹಾಕಿದೆ. ನಮ್ಮ ಉದಾಹರಣೆಯಲ್ಲಿ ಆರು ಚಿಹ್ನೆಗಳಿವೆ.

ಈ ಎರಡನೆಯ ತಪ್ಪು ಹೇಗೆ ಹುಟ್ಟುತ್ತದೆ ಎಂಬುದಕ್ಕೆ ವೆಬ್ ಪ್ರೋಗ್ರಾಮರುಗಳಿಗೆ ಗೊತ್ತಿರುವ ಒಂದು ನಿಜ ಉದಾಹರಣೆ ಇದೆ. ಪಿಎಚ್‌ಪಿ ಭಾಷೆಯಲ್ಲಿ ಬಿಲ್ಲು, ರಸೀದಿಗಳ ಪಿಡಿಎಫ್ ಮಾಡಲು `FPDF` ಎಂಬ ಉಚಿತ ಸಾಧನವನ್ನು ಬಹಳ ಕಾಲದಿಂದ ಬಳಸುತ್ತಾರೆ. ಅದರ ಮೂಲ ಫಾಂಟುಗಳಿಗೆ ಗೊತ್ತಿರುವುದು ಪಶ್ಚಿಮ ಯುರೋಪಿನ ಅಕ್ಷರಗಳ ಕೋಷ್ಟಕ ಮಾತ್ರ. ಒಂದು ಅಕ್ಷರಕ್ಕೆ ಒಂದು ಬೈಟ್, ಹೆಚ್ಚೆಂದರೆ 256 ಸ್ಥಾನಗಳು. ಯುಟಿಎಫ್-8 ಪಠ್ಯವನ್ನು ನೇರವಾಗಿ ಕೊಟ್ಟರೆ ಫ್ರೆಂಚ್, ಜರ್ಮನ್ ಹೆಸರುಗಳ ವಿಶೇಷ ಅಕ್ಷರಗಳೂ ಕೆಡುತ್ತವೆ. ಅದಕ್ಕೆ ಪರಿಹಾರವಾಗಿ ಪ್ರೋಗ್ರಾಮರುಗಳು ಪಠ್ಯವನ್ನು `utf8_decode` ಎಂಬ ಕ್ರಿಯೆಯ ಮೂಲಕ ಹಾಯಿಸುವುದು ರೂಢಿಯಾಯಿತು. ಯುರೋಪಿನ ಹೆಸರುಗಳು ಸರಿಹೋದವು. ಕನ್ನಡದ ಗತಿ ಹೀಗಾಯಿತು:

```
utf8_decode("José");     // é ಉಳಿಯುತ್ತದೆ
utf8_decode("ಕೀರ್ತಿ");    // "??????"
```

ಪರಿಹಾರ ಹಾಕುವ ಮೊದಲು ಇದೇ ಕನ್ನಡ ಹೆಸರು à²• ಎಂದು ಶುರುವಾಗುವ ಗೋಜಲು ಸಾಲಾಗಿ ಅಚ್ಚಾಗುತ್ತಿತ್ತು. ಓದಲು ಬಾರದಿದ್ದರೂ ಅದರಲ್ಲಿ ಮೂಲ ಬೈಟುಗಳು ಇದ್ದವು. E0, B2, 95 ಎಂಬ ‘ಕ’ದ ಮೂರು ಬೈಟುಗಳು ಮೂರು ಪರದೇಶಿ ಅಕ್ಷರಗಳ ರೂಪದಲ್ಲಿ ಉಳಿದಿದ್ದವು. ಪರಿಹಾರ ಹಾಕಿದ ಮೇಲೆ ಅದೂ ಹೋಯಿತು. ಆ ಕ್ರಿಯೆಯ ಹೆಸರು ನೋಡಿ ಬಳಸಿದವರಿಗೆ ಅದು ಯುರೋಪಿನ ಒಂದು ಸಣ್ಣ ಕೋಷ್ಟಕಕ್ಕೆ ಮಾತ್ರ ಪರಿವರ್ತಿಸುತ್ತದೆ, ಉಳಿದದ್ದನ್ನು ತಿಳಿಸದೆ ಕಳೆಯುತ್ತದೆ ಎಂಬುದು ಹೊಳೆಯುತ್ತಿರಲಿಲ್ಲ. ಪಿಎಚ್‌ಪಿ ಭಾಷೆಯನ್ನು ನಡೆಸುವವರೂ 2022ರ ಡಿಸೆಂಬರಿನಲ್ಲಿ ಬಂದ 8.2 ಆವೃತ್ತಿಯಲ್ಲಿ ಅದನ್ನು ಬಳಕೆ ಬಿಡಬೇಕಾದ ಕ್ರಿಯೆಗಳ ಪಟ್ಟಿಗೆ ಸೇರಿಸಿದರು. ಆದರೆ ಹಳೆಯ ಸಾಫ್ಟ್‌ವೇರುಗಳ ಒಳಗೆ ಇಂಥ ಸಾಲುಗಳು ಇನ್ನೂ ಕೆಲಸ ಮಾಡಬಲ್ಲವು.

ಸುಮ್ಮನೆ ಅಳಿಸುವುದು ಯಂತ್ರದ ಅನಿವಾರ್ಯ ಗುಣವಲ್ಲ ಎಂಬುದಕ್ಕೆ ಪೈಥಾನ್ ಭಾಷೆಯಲ್ಲಿ ಒಳ್ಳೆಯ ನಿದರ್ಶನವಿದೆ. ಅಲ್ಲಿ ಇದೇ ಪರಿವರ್ತನೆ ಕೇಳಿದರೆ, ಬೇರೇನೂ ಹೇಳದಿದ್ದ ಪಕ್ಷದಲ್ಲಿ, ಕೆಲಸ ನಿಂತು ದೋಷದ ಸೂಚನೆ ಬರುತ್ತದೆ. ಪ್ರಶ್ನಾರ್ಥಕ ಚಿಹ್ನೆ ಬೇಕಾದರೆ ಬರೆಯುವವರು `replace` ಎಂದು ಸ್ಪಷ್ಟವಾಗಿ ಕೇಳಬೇಕು.

```
>>> "ಕೀರ್ತಿ".encode("latin-1")
UnicodeEncodeError: 'latin-1' codec can't encode
characters in position 0-5: ordinal not in range(256)
>>> "ಕೀರ್ತಿ".encode("latin-1", "replace")
b'??????'
```

ಮೊದಲ ದಾರಿಯಲ್ಲಿ ಪಿಡಿಎಫ್ ಹುಟ್ಟುವುದೇ ಇಲ್ಲ. ವರ್ತಕರಿಗೆ ತಕ್ಷಣ ಗೊತ್ತಾಗುತ್ತದೆ, ಸಂಸ್ಥೆಗೂ ಗೊತ್ತಾಗುತ್ತದೆ. ಎರಡನೆಯ ದಾರಿಯಲ್ಲಿ ಬಿಲ್ಲು ಇಮೇಲ್ ಮೂಲಕ ಗ್ರಾಹಕರಿಗೆ ಹೋಗಿ, ಅವರು ಗಮನಿಸಿ ಹೇಳುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಹಾಗಾಗಿ ಬಿಲ್ಲಿನಲ್ಲಿರುವ ಪ್ರತಿ ಪ್ರಶ್ನಾರ್ಥಕ ಚಿಹ್ನೆಯ ಹಿಂದೆ ಅಳಿಸಿಯಾದರೂ ಮುಂದುವರಿಯಲಿ ಎಂಬ ಒಂದು ತೀರ್ಮಾನವಿದೆ. ಅದನ್ನು ಯಾರೋ ತೆಗೆದುಕೊಂಡಿರಬಹುದು, ಅಥವಾ ಬಳಸಿದ ಸಾಧನ ತಾನಾಗಿ ಹಾಗೆ ನಡೆದುಕೊಳ್ಳುವುದನ್ನು ಯಾರೂ ಪರೀಕ್ಷಿಸದೆ ಬಿಟ್ಟಿರಬಹುದು. ಎರಡಕ್ಕೂ ಹೊಣೆ ಸಾಫ್ಟ್‌ವೇರ್ ಮಾರಿದವರದೇ.

ಇಲ್ಲಿ ಕೆಲವು ವರ್ತಕರು ಹೇಳುವ ಇನ್ನೊಂದು ಮಾತಿದೆ: ಹಿಂದೆ ಹಳೆಯ ಸಾಫ್ಟ್‌ವೇರಿನಲ್ಲಿ ಕನ್ನಡ ಸರಿಯಾಗಿಯೇ ಬರುತ್ತಿತ್ತಲ್ಲ? ಅದು ನಿಜ, ಮತ್ತು ಅದರ ಕಾರಣ ತಿಳಿದಿರಬೇಕು. ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ ಮುಂತಾದ ತಂತ್ರಾಂಶಗಳ ಫಾಂಟುಗಳು ಅದೇ 256 ಸ್ಥಾನಗಳಲ್ಲಿ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಬದಲು ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ಕಂಪ್ಯೂಟರಿನ ಮಟ್ಟಿಗೆ ಅದು ರೋಮನ್ ಪಠ್ಯ, ಕಣ್ಣಿಗೆ ಮಾತ್ರ ಕನ್ನಡ. ಹಾಗಾಗಿ ಯುರೋಪಿನ ಕೋಷ್ಟಕದ ಮೂಲಕ ಹಾದರೂ ಅದು ಅಳಿಯುತ್ತಿರಲಿಲ್ಲ. ಆದರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಆ ಹೆಸರು ಅರ್ಥವಿಲ್ಲದ ರೋಮನ್ ಸಾಲಾಗುತ್ತಿತ್ತು, ಯೂನಿಕೋಡ್‌ನಲ್ಲಿ ಬರೆದು ಹುಡುಕಿದರೆ ಸಿಗುತ್ತಿರಲಿಲ್ಲ. ಬೆಂಬಲದ ಸಿಬ್ಬಂದಿ ಹಳೆಯ ಫಾಂಟಿನಲ್ಲಿ ಹೆಸರು ತುಂಬಿ ಎಂದು ಸಲಹೆ ಕೊಟ್ಟರೆ ಒಪ್ಪಬಾರದು. ಬಿಲ್ಲಿನ ಒಂದು ಸಾಲು ಸರಿಕಾಣಬೇಕೆಂದು ಗ್ರಾಹಕರ ಇಡೀ ಪಟ್ಟಿಯನ್ನು ಕೆಡಿಸಿದಂತಾಗುತ್ತದೆ.

ಈಗ ವರದಿಯ ಮಾತು. ಬಿಲ್ಲಿಂಗ್ ಸಾಫ್ಟ್‌ವೇರ್ ಯಾವ ಭಾಷೆಯಲ್ಲಿ ಬರೆದದ್ದು, ಒಳಗೆ ಯಾವ ಸಾಧನವಿದೆ ಎಂಬುದು ವರ್ತಕರಿಗೆ ಗೊತ್ತಿರುವುದಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಹೊರಗಿನಿಂದಲೇ ದೋಷದ ಜಾಗವನ್ನು ಬಹಳ ಹತ್ತಿರಕ್ಕೆ ಗುರುತಿಸಬಹುದು. ಮೊದಲು ಡೇಟಾಬೇಸ್ ಸರಿಯಿದೆಯೇ ಎಂದು ನೋಡಬೇಕು. ಗ್ರಾಹಕರ ವಿವರ ಉಳಿಸಿ, ಸಾಫ್ಟ್‌ವೇರನ್ನು ಪೂರ್ತಿ ಮುಚ್ಚಿ, ಮತ್ತೆ ತೆರೆದಾಗ ಹೆಸರು ಕನ್ನಡದಲ್ಲೇ ಕಂಡರೆ ಡೇಟಾಬೇಸಿನಲ್ಲಿ ಹೆಸರು ಕ್ಷೇಮವಾಗಿದೆ, ನಾಶ ಪಿಡಿಎಫ್ ಮಾಡುವಾಗ ಆಗುತ್ತಿದೆ. ಮತ್ತೆ ತೆರೆದಾಗಲೇ ಪ್ರಶ್ನಾರ್ಥಕ ಚಿಹ್ನೆ ಕಂಡರೆ ಪರಿಸ್ಥಿತಿ ಗಂಭೀರ. ಹೆಸರು ಎಲ್ಲಿಯೂ ಉಳಿದಿಲ್ಲ, ಇನ್ನು ಮುಂದೆ ಒಂದೂ ಕನ್ನಡ ಹೆಸರನ್ನು ತುಂಬದೆ ನಿಲ್ಲಿಸಬೇಕು, ವರದಿಯ ಮೊದಲ ಸಾಲಿನಲ್ಲೇ ಅದನ್ನು ಹೇಳಬೇಕು.

ಎರಡನೆಯದಾಗಿ, ಹೆಸರಿನ ಜಾಗದಲ್ಲಿ ಈ ನಾಲ್ಕು ಚಿಹ್ನೆಗಳನ್ನು ತುಂಬಿ ಒಂದು ಪರೀಕ್ಷೆಯ ಬಿಲ್ಲು ತೆಗೆಯಬೇಕು:

```
é € ₹ ಕ
```

ಈ ಸಾಲಿನ ಪ್ರತಿ ಚಿಹ್ನೆಗೂ ಒಂದು ಉದ್ದೇಶವಿದೆ. é ಎಂಬುದು ಯುರೋಪಿನ ಎರಡು ಹಳೆಯ ಕೋಷ್ಟಕಗಳಲ್ಲೂ ಇದೆ. ಯೂರೋದ ಚಿಹ್ನೆ windows-1252 ಕೋಷ್ಟಕದಲ್ಲಿದೆ, ISO-8859-1 ಕೋಷ್ಟಕದಲ್ಲಿಲ್ಲ. ರೂಪಾಯಿಯ ಚಿಹ್ನೆ ಎರಡರಲ್ಲೂ ಇಲ್ಲ, ‘ಕ’ವೂ ಇಲ್ಲ. ಬಿಲ್ಲಿನಲ್ಲಿ é ಮಾತ್ರ ಉಳಿದು ಮೂರು ಪ್ರಶ್ನಾರ್ಥಕ ಚಿಹ್ನೆಗಳು ಬಂದರೆ ಪಠ್ಯ ISO-8859-1ರ ಮೂಲಕ ಹಾದಿದೆ. ಮೊದಲ ಎರಡು ಉಳಿದರೆ ಅದು windows-1252. ಸಾಫ್ಟ್‌ವೇರಿನ ಒಳಗನ್ನು ನೋಡದೆಯೇ ಪ್ರೋಗ್ರಾಮರಿಗೆ ಎಲ್ಲಿ ಹುಡುಕಬೇಕೆಂದು ಹೇಳುವ ಸಾಲು ಇದು.

ಈ ಪರೀಕ್ಷೆಯಲ್ಲಿ ರೂಪಾಯಿಯ ಚಿಹ್ನೆಗೆ ವಾದದ ದೃಷ್ಟಿಯಿಂದಲೂ ಮಹತ್ವವಿದೆ. ಭಾರತ ಸರ್ಕಾರ ಈ ಚಿಹ್ನೆಯನ್ನು ಒಪ್ಪಿದ್ದು 2010ರ ಜುಲೈನಲ್ಲಿ. ಅದೇ ವರ್ಷ ಅದು ಯೂನಿಕೋಡ್‌ನಲ್ಲಿ U+20B9 ಎಂಬ ಸ್ಥಾನ ಪಡೆಯಿತು. ಅದಕ್ಕೂ ಮೊದಲು ಹುಟ್ಟಿದ ಯುರೋಪಿನ ಕೋಷ್ಟಕಗಳಲ್ಲಿ ಅದಕ್ಕೆ ಜಾಗವಿಲ್ಲ. ಕನ್ನಡವನ್ನು ಅಳಿಸುವ ಸಾಫ್ಟ್‌ವೇರ್ ಅದೇ ಸಾಲಿನಲ್ಲಿ ₹ ಚಿಹ್ನೆಯನ್ನೂ ಅಳಿಸುತ್ತದೆ ಎಂದು ತೋರಿಸಿದರೆ, ಇದು ಕೆಲವೇ ಗ್ರಾಹಕರ ಪ್ರಾದೇಶಿಕ ಭಾಷೆಯ ವಿಷಯ ಎಂಬ ಮಾತಿಗೆ ನೆಲೆಯಿರುವುದಿಲ್ಲ. ಭಾರತದಲ್ಲಿ ಬಿಲ್ಲು ಮಾಡುವ ಸಾಫ್ಟ್‌ವೇರ್ ಭಾರತದ ನಾಣ್ಯದ ಚಿಹ್ನೆಯನ್ನೇ ಬರೆಯಲಾರದು ಎಂದಾಗುತ್ತದೆ.

ಮೂರನೆಯ ಪರೀಕ್ಷೆ ಕಂಪ್ಯೂಟರ್ ಬಲ್ಲವರ ಸಹಾಯದಿಂದ ಮಾಡುವಂಥದ್ದು. ಪಿಡಿಎಫ್ ಕಡತದೊಳಗೆ ಯಾವ ಫಾಂಟುಗಳಿವೆ ಎಂದು `pdffonts` ಎಂಬ ಉಚಿತ ಸಾಧನ ತೋರಿಸುತ್ತದೆ. ಕನ್ನಡ ಅಳಿದ ಬಿಲ್ಲಿನಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ ಹೀಗಿರುತ್ತದೆ:

```
name        type     encoding   emb sub uni
Helvetica   Type 1   WinAnsi    no  no  no
```

ಹೆಲ್ವೆಟಿಕಾ ಪಿಡಿಎಫ್ ಓದುವ ಪ್ರತಿ ತಂತ್ರಾಂಶಕ್ಕೂ ಗೊತ್ತಿರಬೇಕೆಂದು ಮೊದಲಿನಿಂದ ನಿಗದಿಯಾದ 14 ಫಾಂಟುಗಳಲ್ಲಿ ಒಂದು. ಅದರಲ್ಲಿ ಕನ್ನಡವಿಲ್ಲ. `WinAnsi` ಎಂಬುದು ಮೇಲೆ ಹೇಳಿದ windows-1252ಕ್ಕೆ ಪಿಡಿಎಫ್‌ನಲ್ಲಿರುವ ಹೆಸರು. `emb` ಕೆಳಗಿನ `no` ಎಂದರೆ ಕಡತದೊಳಗೆ ಫಾಂಟನ್ನು ಸೇರಿಸಿಲ್ಲ. ಕನ್ನಡ ಸರಿಯಾಗಿ ಬರಬೇಕಾದರೆ ಇಲ್ಲಿ ಒಂದು ಕನ್ನಡ ಫಾಂಟಿನ ಹೆಸರು, `Identity-H` ಎಂಬ ಎನ್‌ಕೋಡಿಂಗ್, ಮತ್ತು ಕೊನೆಯಲ್ಲಿ ಮೂರು ಕಡೆಯೂ `yes` ಇರಬೇಕು. ಈ ಎರಡು ಸಾಲುಗಳು ವರದಿಯಲ್ಲಿದ್ದರೆ ನಮ್ಮಲ್ಲಿ ಸರಿಯಾಗಿ ಕಾಣುತ್ತಿದೆ ಎಂಬ ಉತ್ತರ ಬರುವ ಸಾಧ್ಯತೆ ಕಡಿಮೆ.

ಇಷ್ಟಾದ ಮೇಲೆ ವರದಿ ಚಿಕ್ಕದಾಗಿಯೇ ಇರಬಹುದು. ತುಮಕೂರಿನ ಅಂಗಡಿಯ ವರದಿ ಹೀಗೆ ಬರಬೇಕು. ಶೀರ್ಷಿಕೆ: ಪಿಡಿಎಫ್ ರಫ್ತಿನಲ್ಲಿ ಗ್ರಾಹಕರ ಹೆಸರು ಎಚ್ಚರಿಕೆಯಿಲ್ಲದೆ ನಾಶವಾಗುತ್ತಿದೆ. ನಂತರ ಮರುಕಳಿಸುವ ಕ್ರಮ: ಹೊಸ ಗ್ರಾಹಕರ ಹೆಸರು ‘ಕೀರ್ತಿ’ ಎಂದು ತುಂಬಿ ಉಳಿಸಿದೆವು, ಒಂದು ವಸ್ತುವಿನ ಬಿಲ್ಲು ಮಾಡಿದೆವು, ಪಿಡಿಎಫ್ ಗುಂಡಿ ಒತ್ತಿದೆವು. ಬರಬೇಕಾದದ್ದು ‘ಕೀರ್ತಿ’, ಬಂದದ್ದು ಆರು ಪ್ರಶ್ನಾರ್ಥಕ ಚಿಹ್ನೆ. ಸಾಫ್ಟ್‌ವೇರ್ ಮುಚ್ಚಿ ತೆರೆದರೂ ಪರದೆಯಲ್ಲಿ ಹೆಸರು ಸರಿಯಿದೆ. ಅದೇ ಬಿಲ್ಲನ್ನು ಪರದೆಯಿಂದ ನೇರವಾಗಿ ಪ್ರಿಂಟ್ ಕೊಟ್ಟರೂ ಸರಿ ಬರುತ್ತದೆ, ಆದ್ದರಿಂದ ಕಂಪ್ಯೂಟರಿನಲ್ಲಿ ಫಾಂಟ್ ಇಲ್ಲವೆಂಬುದು ಕಾರಣವಲ್ಲ. ನಾಲ್ಕು ಚಿಹ್ನೆಗಳ ಪರೀಕ್ಷೆಯ ಫಲ ಇಂತಿದೆ. ಆಮೇಲೆ ಆವೃತ್ತಿಯ ಸಂಖ್ಯೆ, ವಿಂಡೋಸ್ ಆವೃತ್ತಿ. ಜೊತೆಗೆ ಪಿಡಿಎಫ್ ಕಡತವನ್ನೇ ಲಗತ್ತಿಸಬೇಕು. ಫೋನಿನಲ್ಲಿ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಚಿತ್ರದಲ್ಲಿ ಈ ಯಾವ ಸಾಕ್ಷ್ಯವೂ ಉಳಿಯುವುದಿಲ್ಲ. ಪರೀಕ್ಷೆಗೆ ನಿಜವಾದ ಗ್ರಾಹಕರ ಬಿಲ್ಲು ಬೇಡ, ವಿಳಾಸ, ಫೋನ್ ಸಂಖ್ಯೆಗಳಿಲ್ಲದ ಹೊಸ ಬಿಲ್ಲೊಂದನ್ನು ಮಾಡಿ ಕಳಿಸುವುದು ಒಳ್ಳೆಯದು.

ಸಂಸ್ಥೆಯ ಕಡೆಯ ಆಕ್ಷೇಪಗಳನ್ನೂ ಪ್ರಾಮಾಣಿಕವಾಗಿ ಕೇಳಬೇಕು. ಹೆಸರನ್ನು ಇಂಗ್ಲಿಷಿನಲ್ಲೇ ತುಂಬಬಾರದೇಕೆ ಎಂಬುದು ಒಂದು. ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿಗಳ ಮಟ್ಟಿಗೆ ಈ ಮಾತಿನಲ್ಲಿ ಹುರುಳಿದೆ. ಅವರ ಹೆಸರು ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ದಾಖಲಾಗಿರುತ್ತದೆ, ಬಿಲ್ಲಿನಲ್ಲೂ ಹಾಗೇ ಇದ್ದರೆ ತಾಳೆ ನೋಡುವುದು ಸುಲಭ. ಆದರೆ ಪಂಪ್‌ಸೆಟ್ ಕೊಳ್ಳುವ ರೈತರ, ಹಳ್ಳಿಯ ಹಾಲು ಉತ್ಪಾದಕರ ಸಂಘದ, ಶಾಲೆಯ, ದೇವಸ್ಥಾನದ ಹೆಸರು ಅವರ ಕಾಗದಪತ್ರದಲ್ಲಿ ಕನ್ನಡದಲ್ಲಿರುವುದು ಸಾಮಾನ್ಯ. ಅಂಥ ಹೆಸರನ್ನು ಗುಮಾಸ್ತರು ರೋಮನ್ ಲಿಪಿಗೆ ತರುವಾಗ ಒಬ್ಬರು `Keerthi` ಎಂದು, ಇನ್ನೊಬ್ಬರು `Kirti` ಎಂದು, ಮತ್ತೊಬ್ಬರು `Keerti` ಎಂದು ಬರೆಯುತ್ತಾರೆ. ಒಬ್ಬರೇ ಗ್ರಾಹಕರು ಪಟ್ಟಿಯಲ್ಲಿ ಮೂವರಾಗುತ್ತಾರೆ. ಇದೆಲ್ಲಕ್ಕಿಂತ ಮುಖ್ಯವಾಗಿ, ಸಾಫ್ಟ್‌ವೇರ್ ಇಂಗ್ಲಿಷನ್ನಷ್ಟೇ ಬಲ್ಲದು ಎಂದಿದ್ದರೆ ಅದು ಕನ್ನಡವನ್ನು ತುಂಬುವಾಗಲೇ ತಡೆಯಬೇಕಿತ್ತು. ತುಂಬಲು ಬಿಟ್ಟು, ಉಳಿಸಿ, ಪರದೆಯಲ್ಲಿ ತೋರಿಸಿ, ಕಾನೂನಿನ ದಾಖಲೆಯಾಗುವ ಕಡತದಲ್ಲಿ ಮಾತ್ರ ಅಳಿಸುವುದಕ್ಕೆ ಈ ಆಕ್ಷೇಪ ಉತ್ತರ ಕೊಡುವುದಿಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಪಿಡಿಎಫ್‌ನಲ್ಲಿ ಕನ್ನಡ ಬರೆಯುವುದು ನಿಜಕ್ಕೂ ಕಷ್ಟದ ಕೆಲಸ. ಇದು ಸತ್ಯ. ಹಳೆಯ ಕೋಷ್ಟಕವನ್ನು ಬಿಟ್ಟು ಕನ್ನಡ ಫಾಂಟನ್ನು ಪಿಡಿಎಫ್‌ನೊಳಗೆ ಸೇರಿಸಿದ ಕೂಡಲೇ ಪ್ರಶ್ನಾರ್ಥಕ ಚಿಹ್ನೆ ಹೋಗುತ್ತದೆ, ಆದರೆ ‘ಕೀರ್ತಿ’ ಬರುವುದಿಲ್ಲ. ‘ಕೀರ್‌ತಿ’ ಎಂಬಂತೆ ಬರುತ್ತದೆ, ಅದೂ ಗುಣಿತದ ಚಿಹ್ನೆಗಳು ಅಕ್ಷರಕ್ಕೆ ಅಂಟದೆ ಪಕ್ಕದಲ್ಲಿ ನಿಂತು. ಯೂನಿಕೋಡ್‌ನಲ್ಲಿ ಉಳಿಯುವುದು ಉಚ್ಚಾರಣೆಯ ಕ್ರಮ, ಅಂದರೆ ಮೊದಲು ‘ರ್’ ಆಮೇಲೆ ‘ತಿ’. ಬರವಣಿಗೆಯಲ್ಲಿ ‘ತಿ’ ಮೊದಲು, ಅರ್ಕಾವತ್ತು ಅದರ ಬಲಕ್ಕೆ. ‘ತ’ದ ತಲಕಟ್ಟು ಹೋಗಿ ಗುಡಿಸು ಕೂರಬೇಕು. ಯಾವ ಸಂಕೇತಗಳು ಕೂಡಿ ಯಾವ ಆಕಾರವಾಗುತ್ತವೆ ಎಂಬ ನಿಯಮಗಳು ಫಾಂಟಿನೊಳಗೆ ಇರುತ್ತವೆ, ಅವನ್ನು ಓದಿ ಜೋಡಿಸುವ ಒಂದು ಪ್ರತ್ಯೇಕ ಯಂತ್ರಾಂಗ ಬೇಕು. ಎಷ್ಟೋ ಪಿಡಿಎಫ್ ಸಾಧನಗಳಲ್ಲಿ ಅದಿಲ್ಲ.

ಆದರೆ ಆ ಯಂತ್ರಾಂಗವನ್ನು ಹೊಸದಾಗಿ ಕಟ್ಟಬೇಕಾಗಿಲ್ಲ. ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್‌ಗಳಲ್ಲಿ ಇದೇ ಕೆಲಸ ಮಾಡುತ್ತಿದೆ. ನೋಟೋ ಸಾನ್ಸ್ ಕನ್ನಡದಂಥ ಫಾಂಟುಗಳನ್ನು ಮುಕ್ತ ಪರವಾನಗಿಯಲ್ಲಿ ಕಡತದೊಳಗೆ ಸೇರಿಸಬಹುದು, ಅದೂ ಪೂರ್ತಿ ಫಾಂಟನ್ನಲ್ಲ, ಆ ಬಿಲ್ಲಿನಲ್ಲಿ ಬಳಸಿದ ಆಕಾರಗಳನ್ನು ಮಾತ್ರ. ಬಿಲ್ಲನ್ನು ವೆಬ್ ಪುಟವಾಗಿ ರಚಿಸಿ ಬ್ರೌಸರಿನ ಯಂತ್ರಾಂಗದಿಂದಲೇ ಪಿಡಿಎಫ್ ತೆಗೆಯುವುದು ಇನ್ನೊಂದು ದಾರಿ. ಇದಕ್ಕೆ ಸಮಯ ಬೇಕು ಎಂದರೆ ಬಳಕೆದಾರರು ಒಪ್ಪಬಹುದು. ಅದಕ್ಕಾಗಿ ವರದಿಯ ಬೇಡಿಕೆಯನ್ನು ಎರಡಾಗಿ ಒಡೆಯುವುದು ಜಾಣತನ. ಮೊದಲನೆಯದು ತಕ್ಷಣದ್ದು: ಅಕ್ಷರ ಬರೆಯಲಾಗದಿದ್ದರೆ ಪಿಡಿಎಫ್ ತಯಾರಿಕೆ ನಿಲ್ಲಬೇಕು, ಯಾವ ಬಿಲ್ಲಿನ ಯಾವ ಸಾಲು ಎಂದು ಹೇಳಬೇಕು. ಇದಕ್ಕೆ ಫಾಂಟೂ ಬೇಡ, ಜೋಡಿಸುವ ಯಂತ್ರಾಂಗವೂ ಬೇಡ. ಅಲ್ಲಿಯವರೆಗೆ ಅಂಗಡಿಯವರು ಪರದೆಯಿಂದ ಪ್ರಿಂಟ್ ಕೊಟ್ಟು, ಮುದ್ರಕದ ಬದಲು ಪಿಡಿಎಫ್ ಆಗಿ ಉಳಿಸುವ ಆಯ್ಕೆಯನ್ನು ಬಳಸಿ ಕೆಲಸ ನಡೆಸಬಹುದು. ಎರಡನೆಯದು ಪೂರ್ತಿ ಪರಿಹಾರ.

ಆ ಪೂರ್ತಿ ಪರಿಹಾರ ಬಂದಿದೆ ಎಂದು ಸಂಸ್ಥೆ ತಿಳಿಸಿದಾಗ ಪರೀಕ್ಷಿಸುವುದು ಹೇಗೆಂದೂ ವರದಿಯಲ್ಲೇ ಬರೆದಿರಬೇಕು, ಇಲ್ಲವಾದರೆ ಪ್ರಶ್ನಾರ್ಥಕ ಚಿಹ್ನೆ ಹೋಗಿ ಒಡೆದ ಅಕ್ಷರ ಬಂದಾಗಲೇ ದೋಷ ಮುಗಿಯಿತೆಂದು ಕಡತ ಮುಚ್ಚುತ್ತಾರೆ. ಅರ್ಕಾವತ್ತಿಗೆ ‘ಕೀರ್ತಿ’, ಒತ್ತಕ್ಷರಕ್ಕೆ ‘ವಿಶ್ವನಾಥ’, ಓಕಾರಕ್ಕೆ ‘ಯಶೋದಾ’ ಈ ಮೂರು ಹೆಸರುಗಳು ಸಾಕು. ಕಣ್ಣಿಗೆ ಸರಿ ಕಂಡ ಮೇಲೆ ಅವನ್ನು ಪಿಡಿಎಫ್‌ನಿಂದ ನಕಲು ಮಾಡಿ ಬೇರೆ ಕಡೆ ಅಂಟಿಸಿ ನೋಡಬೇಕು. ಅಚ್ಚಿನಲ್ಲಿ ಅರ್ಕಾವತ್ತು ‘ತಿ’ಯ ನಂತರ ಕೂರುವುದರಿಂದ ‘ಕೀತಿರ್’ ಎಂದು ಹೊರಬರುವ ಸಾಧ್ಯತೆ ಇದೆ. ಹಾಗೆ ಬಂದರೆ ಆ ಬಿಲ್ಲಿನಲ್ಲಿ ಹೆಸರನ್ನು ಹುಡುಕಿದರೆ ಸಿಗುವುದಿಲ್ಲ. ಆಕಾರಗಳ ಜೊತೆಗೆ ಮೂಲ ಪಠ್ಯವನ್ನೂ ಕಟ್ಟಿಡಲು ಪಿಡಿಎಫ್‌ನಲ್ಲಿ `ActualText` ಎಂಬ ವ್ಯವಸ್ಥೆ ಇದೆ, ಅದನ್ನು ಬಳಸಿ ಎಂದು ಕೇಳಬಹುದು. ಇದು ಸಣ್ಣ ಕೊರತೆ, ಪ್ರತ್ಯೇಕ ವರದಿಯಾಗಿ ಹೋದರೂ ನಡೆಯುತ್ತದೆ.

ಕೊನೆಗೆ ಉಳಿಯುವುದು ಈಗಾಗಲೇ ಹೊರಗೆ ಹೋಗಿರುವ ಬಿಲ್ಲುಗಳು. ಡೇಟಾಬೇಸಿನಲ್ಲಿ ಹೆಸರುಗಳು ಕ್ಷೇಮವಾಗಿದ್ದರೆ, ಯಾವ ಬಿಲ್ಲುಗಳಲ್ಲಿ ಹೆಸರು ಅಥವಾ ವಿಳಾಸ ಆ 256 ಸ್ಥಾನಗಳ ಹೊರಗಿನ ಅಕ್ಷರಗಳನ್ನು ಒಳಗೊಂಡಿದೆ ಎಂದು ಸಂಸ್ಥೆಯ ಪ್ರೋಗ್ರಾಮರು ಒಂದು ಸಣ್ಣ ಹುಡುಕಾಟದಿಂದ ಪಟ್ಟಿ ಮಾಡಬಲ್ಲರು. ಆ ಪಟ್ಟಿಯನ್ನು ಪ್ರತಿ ಬಳಕೆದಾರ ಅಂಗಡಿಗೂ ಕೊಡಬೇಕು, ಕ್ರಮಸಂಖ್ಯೆ, ದಿನಾಂಕ, ಮೊತ್ತ ಯಾವುದೂ ಬದಲಾಗದಂತೆ ಅದೇ ಬಿಲ್ಲುಗಳ ಪಿಡಿಎಫ್ ಮತ್ತೆ ತೆಗೆಯುವ ಸೌಲಭ್ಯ ಕೊಡಬೇಕು. ವರದಿ ಬರೆಯುವವರು ಇದನ್ನೂ ಬೇಡಿಕೆಯಾಗಿ ಸೇರಿಸಬೇಕು. ಮುಂದಿನ ಆವೃತ್ತಿಯಲ್ಲಿ ಸರಿಯಾಗಿದೆ ಎಂಬ ಉತ್ತರ ಮುಂದಿನ ಬಿಲ್ಲುಗಳಿಗಷ್ಟೇ ಅನ್ವಯಿಸುತ್ತದೆ. ಕೀರ್ತಿಯವರ ಕೈಯಲ್ಲಿರುವ 62,000 ರೂಪಾಯಿಯ ಬಿಲ್ಲು ಅದರಿಂದ ಸರಿಹೋಗುವುದಿಲ್ಲ, ಪಂಪ್‌ಸೆಟ್ಟಿನ ವಾರಂಟಿ ಕೇಳಲು ಅವರು ತೋರಿಸಬೇಕಾಗಿರುವುದು ಅದನ್ನೇ.